ಕ್ಯೂಆರ್ ದುಡ್ಡು ಮಾರನೇ ದಿನ ಕಡಿಮೆ ಬಂತಾ? ಸೆಟ್ಲ್‌ಮೆಂಟ್ ರಿಪೋರ್ಟ್ ಓದುವ ಬಗೆ

ಅಣ್ಣನ ಎಲೆಕ್ಟ್ರಿಕಲ್ ಅಂಗಡಿಯ ಲೆಕ್ಕ ನಾನು ನೋಡುತ್ತೇನೆ. ಒಂದು ಮಂಗಳವಾರ ರಾತ್ರಿ ಪುಸ್ತಕದಲ್ಲಿ ಕ್ಯೂಆರ್ ವಸೂಲಿ 24,680 ರೂಪಾಯಿ ಎಂದು ಬರೆದಿತ್ತು. ಬುಧವಾರ ಮಧ್ಯಾಹ್ನ ಬ್ಯಾಂಕಿಗೆ ಜಮೆಯಾಗಿದ್ದು 24,248 ರೂಪಾಯಿ 72 ಪೈಸೆ. "ನೋಡೋ, 431 ರೂಪಾಯಿ ಕಮಿಷನ್ ಹಿಡ್ಕೊಂಡಿದ್ದಾರೆ" ಅಂದ ಅಣ್ಣ.

ಆ ಲೆಕ್ಕ ತಪ್ಪು. ಕ್ಯೂಆರ್ ಕೊಟ್ಟ ಪೇಮೆಂಟ್ ಕಂಪನಿ ಹಿಡಿದಿದ್ದು 231 ರೂಪಾಯಿ 28 ಪೈಸೆ ಮಾತ್ರ. ಉಳಿದ 200 ರೂಪಾಯಿ ಕಮಿಷನ್ನೇ ಅಲ್ಲ. ಅದು ಗೊತ್ತಾಗಿದ್ದು ಸೆಟ್ಲ್‌ಮೆಂಟ್ ರಿಪೋರ್ಟ್ ತೆಗೆದು ಸಾಲು ಸಾಲಾಗಿ ಓದಿದ ಮೇಲೆ. ಅದೇ ದಿನದ ಲೆಕ್ಕ ಇಟ್ಟುಕೊಂಡು ಓದುವ ಬಗೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು: ಯಾವ ಕ್ಯೂಆರ್?

ಎಷ್ಟೋ ಅಂಗಡಿಗಳಲ್ಲಿ ಕೌಂಟರ್ ಮೇಲೆ ಎರಡು ಕ್ಯೂಆರ್ ಇರುತ್ತವೆ. ಒಂದು ಮಾಲೀಕರ ಸ್ವಂತ ಯುಪಿಐ ಆ್ಯಪ್‌ನದ್ದು. ಅದಕ್ಕೆ ಬಿದ್ದ ದುಡ್ಡು ಆ ಕ್ಷಣವೇ ಬ್ಯಾಂಕ್ ಖಾತೆಗೆ ಹೋಗುತ್ತದೆ. ಒಂದೊಂದು ಪಾವತಿಗೂ ಸ್ಟೇಟ್‌ಮೆಂಟಿನಲ್ಲಿ ಒಂದೊಂದು ಸಾಲು ಬರುತ್ತದೆ, ಸೆಟ್ಲ್‌ಮೆಂಟ್ ಎಂಬ ಮಾತೇ ಇಲ್ಲ. ಇನ್ನೊಂದು ಪೇಮೆಂಟ್ ಕಂಪನಿ ಕೊಟ್ಟ ವ್ಯಾಪಾರಿ ಕ್ಯೂಆರ್. ಇದರಲ್ಲಿ ದಿನವಿಡೀ ಬಿದ್ದ ದುಡ್ಡು ಮೊದಲು ಕಂಪನಿಯ ಹತ್ತಿರ ಸೇರುತ್ತದೆ. ಮಾರನೇ ದಿನ ಕಡಿತ ಕಳೆದು ಒಂದೇ ಮೊತ್ತವಾಗಿ ನಿಮ್ಮ ಖಾತೆಗೆ ಬರುತ್ತದೆ, ಇದೇ ಸೆಟ್ಲ್‌ಮೆಂಟ್. ರಿಪೋರ್ಟ್ ಇರುವುದು ಈ ಎರಡನೆಯದಕ್ಕೆ ಮಾತ್ರ.

ಪುಸ್ತಕದಲ್ಲಿ ಎರಡನ್ನೂ ಕೂಡಿಸಿ "ಫೋನ್ ವಸೂಲಿ" ಎಂದು ಒಂದೇ ಮೊತ್ತ ಬರೆದಿದ್ದರೆ ಯಾವ ರಿಪೋರ್ಟಿಗೂ ಅದು ತಾಳೆಯಾಗುವುದಿಲ್ಲ. ಹಾಗಾಗಿ ಇವತ್ತಿನಿಂದಲೇ ಎರಡು ಕಾಲಂ ಮಾಡಿ. ನಮ್ಮ 24,680 ಪೂರ್ತಿ ಕಂಪನಿ ಕ್ಯೂಆರ್‌ನದ್ದೇ, 31 ಪಾವತಿ.

ರಿಪೋರ್ಟ್ ಇಳಿಸಿಕೊಳ್ಳುವುದು

ಕಂಪನಿಯ ವ್ಯಾಪಾರಿ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ಸಾಮಾನ್ಯವಾಗಿ ಎರಡು ರಿಪೋರ್ಟ್ ಸಿಗುತ್ತವೆ. ಒಂದರ ಹೆಸರು `Transactions` ಅಥವಾ `Payments`, ಇನ್ನೊಂದು `Settlements`. ಮೊದಲನೆಯದು ಗಿರಾಕಿ ಯಾವಾಗ ಕೊಟ್ಟರು ಎಂದು ಹೇಳುತ್ತದೆ. ಎರಡನೆಯದು ನಿಮಗೆ ಯಾವಾಗ ಬಂತು, ಎಷ್ಟು ಬಂತು ಎಂದು ಹೇಳುತ್ತದೆ. ನಮಗೆ ಬೇಕಾಗಿರುವುದು ಎರಡನೆಯದು. ಅದರಲ್ಲೂ ಬರೀ ಮೊತ್ತ ತೋರಿಸುವ ಚಿಕ್ಕ ರಿಪೋರ್ಟ್ ಸಾಲದು, ಒಂದೊಂದು ಪಾವತಿಯನ್ನೂ ತೋರಿಸುವ ವಿವರದ ರಿಪೋರ್ಟ್ ಬೇಕು.

ತಾರೀಕು ಕೇಳಿದಾಗ ಎಚ್ಚರ. ಕೆಲವು ಕಡೆ ಪಾವತಿಯ ತಾರೀಕು ಕೊಡಬೇಕು, ಕೆಲವು ಕಡೆ ಸೆಟ್ಲ್‌ಮೆಂಟಿನ ತಾರೀಕು. ಬ್ಯಾಂಕಿಗೆ ಬುಧವಾರ ಬಂದ ಜಮೆಯನ್ನು ತಾಳೆ ನೋಡಬೇಕಾದರೆ `Settlement Date` ಬುಧವಾರ ಎಂದೇ ಆರಿಸಿ.

ಫೈಲು ಹೆಚ್ಚಾಗಿ ಸಿಎಸ್‌ವಿ ರೂಪದಲ್ಲಿ ಬರುತ್ತದೆ. ಅದನ್ನು ಸುಮ್ನೆ ಒತ್ತಿ ಎಕ್ಸೆಲ್‌ನಲ್ಲಿ ತೆರೆದರೆ ಒಂದು ತೊಂದರೆ ಇದೆ. ಯುಪಿಐ ಪಾವತಿಯ ಗುರುತಿನ ಸಂಖ್ಯೆ 12 ಅಂಕಿಯದ್ದು. ರಿಪೋರ್ಟಿನಲ್ಲಿ ಅದನ್ನು `RRN` ಎಂದು ಬರೆದಿರುತ್ತಾರೆ. ಎಕ್ಸೆಲ್ ಅದನ್ನು ಸಂಖ್ಯೆ ಎಂದುಕೊಂಡು `5.21E+11` ಅಂತ ತೋರಿಸುತ್ತದೆ. ಮೊದಲ ಅಂಕಿ ಸೊನ್ನೆಯಾಗಿದ್ದರೆ ಅದನ್ನು ನುಂಗಿಯೇ ಬಿಡುತ್ತದೆ. ಹಾಗೇ ಸೇವ್ ಮಾಡಿದರೆ ಮುಂದೆ ಯಾವ ಪಾವತಿ ಯಾರದ್ದು ಎಂದು ಹುಡುಕಲು ಆಗುವುದಿಲ್ಲ. ಅದಕ್ಕೆ ಎಕ್ಸೆಲ್ ತೆರೆದು `Data` ಮೆನುವಿನ `From Text/CSV` ಮೂಲಕ ಫೈಲನ್ನು ಒಳಗೆ ತನ್ನಿ. ಗುರುತಿನ ಸಂಖ್ಯೆಗಳ ಕಾಲಂಗಳನ್ನು `Text` ಎಂದು ಮಾಡಿ. ಕಂಪನಿಯಿಂದ ಬಂದ ಮೂಲ ಫೈಲನ್ನು ಮುಟ್ಟದೆ ಬೇರೆ ಫೋಲ್ಡರಿನಲ್ಲಿ ಇಟ್ಟುಬಿಡಿ.

ಎಳೆ ಹಿಡಿಯುವುದು ಯುಟಿಆರ್‌ನಿಂದ

ಎಲ್ಲರೂ ಮಾಡುವ ತಪ್ಪು ಒಂದೇ: ದಿನದ ವಸೂಲಿಯನ್ನು ಮಾರನೇ ದಿನದ ಜಮೆಯ ಪಕ್ಕ ಇಟ್ಟು ನೋಡುವುದು. ಇವೆರಡೂ ಸರಿಯಾಗಿ ಒಂದೇ ಆಗುವುದು ಅಪರೂಪ. ಕಂಪನಿ ನಿಮ್ಮ ದಿನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ತನ್ನ ಗಡುವಿನಿಂದ ಗಡುವಿನವರೆಗೆ ಬಿದ್ದ ಪಾವತಿಗಳನ್ನು ಒಂದು ಕಟ್ಟು ಮಾಡುತ್ತದೆ. ಆ ಕಟ್ಟನ್ನು ಒಂದೇ ಮೊತ್ತವಾಗಿ ಬ್ಯಾಂಕಿಗೆ ಕಳಿಸುತ್ತದೆ. ಹಾಗೆ ಕಳಿಸಿದಾಗ ಸಿಗುವ ಗುರುತೇ ಯುಟಿಆರ್ ನಂಬರ್.

ಆದ್ದರಿಂದ ಕೆಲಸ ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ಶುರುವಾಗಲಿ. ಬುಧವಾರದ 24,248.72ರ ಸಾಲಿನಲ್ಲಿ ಕಂಪನಿಯ ಹೆಸರಿನ ಜೊತೆ ಯುಟಿಆರ್ ಇರುತ್ತದೆ. ಅದನ್ನು ಬರೆದುಕೊಳ್ಳಿ. ರಿಪೋರ್ಟಿನ `UTR` ಕಾಲಂನಲ್ಲಿ ಅದೇ ನಂಬರ್ ಇರುವ ಸಾಲುಗಳನ್ನು ಮಾತ್ರ ಫಿಲ್ಟರ್ ಮಾಡಿ. ಆ ಸಾಲುಗಳೇ ಈ ಜಮೆಯ ಒಳಗಿರುವುದು. ಬೇರೆ ಯಾವುದೂ ಅಲ್ಲ.

ಇಲ್ಲಿ ಗೊಂದಲವಾಗುವುದು ಸಹಜ. ಗಿರಾಕಿಯ ಫೋನಿನಲ್ಲೂ "ಯುಟಿಆರ್" ಎಂದು 12 ಅಂಕಿಯ ಸಂಖ್ಯೆ ಕಾಣುತ್ತದೆ. ಅದು ಅವರ ಒಂದು ಪಾವತಿಯ ಗುರುತು, ರಿಪೋರ್ಟಿನ `RRN` ಕಾಲಂನಲ್ಲಿ ಇರುವುದು ಅದೇ. ಬ್ಯಾಂಕ್ ಜಮೆಯ ಯುಟಿಆರ್ ಇಡೀ ಕಟ್ಟಿನ ಗುರುತು. ಗಿರಾಕಿ ತೋರಿಸಿದ ನಂಬರನ್ನು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹುಡುಕಿದರೆ ಎಂದೂ ಸಿಗುವುದಿಲ್ಲ.

ನಾವು ಫಿಲ್ಟರ್ ಮಾಡಿದಾಗ 31 ಪಾವತಿ ಕಂಡವು. ಪುಸ್ತಕದಲ್ಲೂ 31. ಸರಿ ಇದೆ ಅನ್ನಿಸಿತು. ಆದರೆ ರಿಪೋರ್ಟಿನಲ್ಲಿ ಕಡಿತಕ್ಕೆ ಮೊದಲಿನ ಮೊತ್ತ 25,130 ಇತ್ತು, ನಮ್ಮದು 24,680. ಕಂಪನಿ ನಮಗಿಂತ 450 ರೂಪಾಯಿ ಜಾಸ್ತಿ ತೋರಿಸುತ್ತಿತ್ತು!

ಪಾವತಿಯ ಸಮಯದ ಕಾಲಂ ನೋಡಿದಾಗ ಕಾರಣ ಸಿಕ್ಕಿತು. ನಮ್ಮ ಕಂಪನಿಯ ಗಡುವು ರಾತ್ರಿ 10 ಗಂಟೆ. ಸೋಮವಾರ ಬಾಗಿಲು ಎಳೆಯುವ ಹೊತ್ತಿಗೆ, 10.20ಕ್ಕೆ, ಒಬ್ಬರು 900 ರೂಪಾಯಿ ಹಾಕಿದ್ದರು. ಅದು ಸೋಮವಾರದ ಕಟ್ಟಿಗೆ ಸೇರದೆ ಮಂಗಳವಾರದ ಕಟ್ಟಿಗೆ ಬಂದಿತ್ತು. ಮಂಗಳವಾರ ರಾತ್ರಿ 10.07ಕ್ಕೆ ಒಬ್ಬ ಎಲೆಕ್ಟ್ರಿಷಿಯನ್ ಎಂಸಿಬಿ ತೆಗೆದುಕೊಂಡು 450 ಹಾಕಿದ್ದ. ಅದು ಮುಂದಿನ ಕಟ್ಟಿಗೆ ಹೋಗಿತ್ತು. ಒಂದು ಒಳಗೆ ಬಂತು, ಒಂದು ಹೊರಗೆ ಹೋಯಿತು. ಹಾಗಾಗಿ ಸಂಖ್ಯೆ 31 ಹಾಗೇ ಉಳಿಯಿತು, ಮೊತ್ತ ಮಾತ್ರ ಬದಲಾಯಿತು. ಪಾವತಿಗಳ ಎಣಿಕೆ ಸರಿ ಬಂದರೆ ಸಾಕು ಎಂದು ಅಂದಿನಿಂದ ನಾನು ಬಿಟ್ಟುಬಿಡುವುದಿಲ್ಲ.

ನಿಮ್ಮ ಕಂಪನಿಯ ಗಡುವು ಎಷ್ಟು ಗಂಟೆ ಎಂದು ಗೊತ್ತಿಲ್ಲದಿದ್ದರೆ ಮೂರು ನಾಲ್ಕು ದಿನದ ಕಟ್ಟುಗಳಲ್ಲಿ ಮೊದಲ ಮತ್ತು ಕೊನೆಯ ಪಾವತಿಯ ಸಮಯ ನೋಡಿ, ತಾನಾಗಿ ಕಾಣುತ್ತದೆ. ಇನ್ನು ಕೆಲವು ಕಂಪನಿಗಳು ಬ್ಯಾಂಕ್ ರಜಾ ದಿನ ಹಣ ಕಳಿಸುವುದಿಲ್ಲ. ಅಂಥ ಕಡೆ ವಾರದ ಕೊನೆಯ ವಸೂಲಿ ಸೋಮವಾರ ಒಟ್ಟಿಗೆ ಬರುತ್ತದೆ.

ಶುಲ್ಕ: ಎಲ್ಲ ಸಾಲಿಗೂ ಇರಬಾರದು

ಈಗ ಮುಖ್ಯ ಭಾಗಕ್ಕೆ ಬರೋಣ. ಪಾವತಿ ಯಾವುದರಿಂದ ಬಂತು ಎಂದು ಹೇಳುವ ಕಾಲಂ ಒಂದಿರುತ್ತದೆ, `Payment Mode` ಅಥವಾ ಅಂಥದ್ದೇ ಹೆಸರು. ರಿಪೋರ್ಟನ್ನು ಆ ಕಾಲಂನಿಂದ ವಿಂಗಡಿಸಿ, ಆಮೇಲೆ ಶುಲ್ಕದ ಕಾಲಂ ನೋಡಿ.

ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ ಬಂದ ಪಾವತಿಗೆ 2020ರ ಜನವರಿಯಿಂದ ಎಂಡಿಆರ್ ಇಲ್ಲ. ಎಂಡಿಆರ್ ಅಂದರೆ ವ್ಯಾಪಾರಿಯಿಂದ ಪ್ರತಿ ಪಾವತಿಗೆ ಶೇಕಡಾವಾರು ಹಿಡಿಯುವ ಶುಲ್ಕ. ಹಾಗಾಗಿ ಈ ಸಾಲುಗಳಲ್ಲಿ ಎಂಡಿಆರ್ ಸೊನ್ನೆಯೇ ಇರಬೇಕು. ಕಂಪನಿ ತನ್ನ ಸೇವೆಗೆ ಬೇರೆ ಶುಲ್ಕ ಹಾಕಿದ್ದರೆ ಅದು ನೀವು ಒಪ್ಪಿದ ಕರಾರಿನಲ್ಲಿ ಇರಬೇಕು. ಇಲ್ಲದಿದ್ದರೆ ಕೇಳಿ.

ಆದರೆ ಅದೇ ಕ್ಯೂಆರ್‌ಗೆ ಗಿರಾಕಿ ರುಪೇ ಕ್ರೆಡಿಟ್ ಕಾರ್ಡ್ ಜೋಡಿಸಿದ ಯುಪಿಐನಿಂದಲೂ ಹಾಕಬಹುದು. ಸೌಂಡ್‌ಬಾಕ್ಸ್ ಕೂಗುವುದು ಒಂದೇ ಥರ, ಕೌಂಟರಿನಲ್ಲಿ ನಿಂತವರಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಈ ಪಾವತಿಗೆ ಎಂಡಿಆರ್ ಉಂಟು. ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗಿನ ಪಾವತಿಗೆ ಮಾತ್ರ ವಿನಾಯಿತಿ. ವಾಲೆಟ್‌ನಿಂದ ಯುಪಿಐ ಮೂಲಕ ಬಂದ 2,000ಕ್ಕಿಂತ ದೊಡ್ಡ ಪಾವತಿಗಳಿಗೂ 2023ರ ಏಪ್ರಿಲ್‌ನಿಂದ ಇಂಟರ್‌ಚೇಂಜ್ ಎಂಬ ಖರ್ಚು ಇದೆ. ಅದು ಗಿರಾಕಿಗೆ ಬೀಳುವುದಿಲ್ಲ, ವ್ಯಾಪಾರಿಯ ಕಡೆಯವರಿಗೆ ಬೀಳುತ್ತದೆ.

ನಮ್ಮ 31ರಲ್ಲಿ 29 ಪಾವತಿ ಬ್ಯಾಂಕ್ ಖಾತೆಯಿಂದ ಬಂದಿದ್ದವು, ಒಟ್ಟು 18,730 ರೂಪಾಯಿ, ಶುಲ್ಕ ಸೊನ್ನೆ. ಎರಡು ಕ್ರೆಡಿಟ್ ಕಾರ್ಡಿನಿಂದ ಬಂದಿದ್ದವು. ಒಂದು 1,600, ಶುಲ್ಕ ಇಲ್ಲ. ಇನ್ನೊಂದು ಎರಡು ಸೀಲಿಂಗ್ ಫ್ಯಾನಿನ ಬಿಲ್, 4,800. ನಮ್ಮ ಕರಾರಿನಲ್ಲಿ ಇದಕ್ಕೆ ಶೇ. 2 ಇದೆ. ಅಂದರೆ 96 ರೂಪಾಯಿ. ಇಡೀ ದಿನದ ಎಂಡಿಆರ್ ಈ ಒಂದೇ ಸಾಲಿನಿಂದ ಬಂದಿದ್ದು.

ಇದಕ್ಕೇ ನಾನು ದಿನದ ಮೊತ್ತಕ್ಕೆ "ಸರಾಸರಿ ಇಷ್ಟು ಪರ್ಸೆಂಟ್ ಹೋಗುತ್ತೆ" ಎಂದು ಲೆಕ್ಕ ಹಾಕಬೇಡಿ ಎನ್ನುವುದು. ಒಂದು ದಿನ ಏನೂ ಹೋಗುವುದಿಲ್ಲ, ಇನ್ನೊಂದು ದಿನ ಒಂದೇ ದೊಡ್ಡ ಬಿಲ್ಲಿಗೆ ನೂರಾರು ಹೋಗುತ್ತದೆ. ತಪ್ಪಿದ್ದರೆ ಅದು ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ, ಸಾಲಿನಲ್ಲಿ ಮಾತ್ರ ಕಾಣುತ್ತದೆ.

ತೆರಿಗೆಯ ಕಾಲಂ: ಎರಡು ಸಲ ಕಳೆಯಬೇಡಿ

ಈ ತೆರಿಗೆ ನಿಮ್ಮ ಮಾರಾಟದ ಮೇಲಿನದ್ದಲ್ಲ. ಕಂಪನಿ ಹಿಡಿದ ಶುಲ್ಕದ ಮೇಲಿನ ಜಿಎಸ್‌ಟಿ, ಶೇ. 18. 96 ರೂಪಾಯಿಗೆ 17 ರೂಪಾಯಿ 28 ಪೈಸೆ. ಒಟ್ಟು 113.28.

ಇಲ್ಲಿ ಬಹಳ ಜನ ಎಡವುತ್ತಾರೆ. ಕೆಲವು ಕಂಪನಿಗಳ ರಿಪೋರ್ಟಿನಲ್ಲಿ `Fee` ಕಾಲಂನಲ್ಲಿ 96 ಇರುತ್ತದೆ, `Tax` ಕಾಲಂನಲ್ಲಿ 17.28. ಎರಡನ್ನೂ ಕಳೆಯಬೇಕು. ಇನ್ನು ಕೆಲವು ಕಂಪನಿಗಳಲ್ಲಿ `Fee` ಕಾಲಂನಲ್ಲಿ 113.28 ಇರುತ್ತದೆ, ಪಕ್ಕದ `Tax` ಕಾಲಂನಲ್ಲಿ ಅದೇ 17.28. ಅಲ್ಲಿ ತೆರಿಗೆ ಶುಲ್ಕದ ಒಳಗೇ ಸೇರಿದೆ, ಪಕ್ಕದ ಕಾಲಂ ಬರೀ ಮಾಹಿತಿಗೆ. ಎರಡನ್ನೂ ಕಳೆದರೆ ತೆರಿಗೆ ಎರಡು ಸಲ ಕಳೆದಂತೆ. ಆಗ "ಕಂಪನಿ ಜಾಸ್ತಿ ಕೊಟ್ಟಿದೆ" ಎಂಬ ವಿಚಿತ್ರ ಲೆಕ್ಕ ಬರುತ್ತದೆ.

ಪತ್ತೆ ಮಾಡುವುದು ಸುಲಭ. ಶುಲ್ಕ ಇರುವ ಯಾವುದಾದರೂ ಒಂದು ಸಾಲು ತೆಗೆದುಕೊಳ್ಳಿ, ತೆರಿಗೆಯನ್ನು ಶುಲ್ಕದಿಂದ ಭಾಗಿಸಿ. 0.18 ಬಂದರೆ ಎರಡೂ ಬೇರೆ ಬೇರೆ. ಸುಮಾರು 0.1525 ಬಂದರೆ ತೆರಿಗೆ ಒಳಗಿದೆ. ಒಮ್ಮೆ ನೋಡಿ ಬರೆದಿಟ್ಟುಕೊಂಡರೆ ಅದೇ ಕಂಪನಿಯ ರಿಪೋರ್ಟಿಗೆ ಮತ್ತೆ ನೋಡಬೇಕಿಲ್ಲ.

ಆಮೇಲೆ ಪ್ರತಿ ಸಾಲಿಗೂ ಒಂದು ಪರೀಕ್ಷೆ ಹಾಕಿ. ಒಟ್ಟು ಮೊತ್ತ F ಕಾಲಂನಲ್ಲಿ, ಶುಲ್ಕ Gಯಲ್ಲಿ, ತೆರಿಗೆ Hನಲ್ಲಿ, ಕೈಗೆ ಬಂದ ಮೊತ್ತ Iಯಲ್ಲಿ, ಯುಟಿಆರ್ Jಯಲ್ಲಿ ಇದೆ ಎಂದುಕೊಳ್ಳಿ. ತಾಳೆ ನೋಡಬೇಕಾದ ಯುಟಿಆರ್ ಅನ್ನು L1 ಮನೆಯಲ್ಲಿ ಬರೆಯಿರಿ.

```
=ROUND(F2-G2-H2-I2,2)
=SUMIFS(I:I,J:J,L1)
```

ಮೊದಲನೆಯದು ಎಲ್ಲ ಸಾಲಿನಲ್ಲೂ 0 ಬರಬೇಕು. ತೆರಿಗೆ ಶುಲ್ಕದೊಳಗೇ ಇದ್ದರೆ H2 ತೆಗೆದುಬಿಡಿ. ಎರಡನೆಯದು ಬ್ಯಾಂಕಿಗೆ ಬಂದ ಜಮೆಗೆ ಪೈಸೆ ಸಮೇತ ಸರಿಹೊಂದಬೇಕು. `ROUND` ಬಿಟ್ಟರೆ ಎಕ್ಸೆಲ್ ಎಲ್ಲೋ ಒಂದು ಸಾಲಿನಲ್ಲಿ ಸೊನ್ನೆಯ ಬದಲು ಬಹಳ ಚಿಕ್ಕ ದಶಮಾಂಶ ತೋರಿಸಿ ಸುಮ್ನೆ ಗಾಬರಿ ಹುಟ್ಟಿಸುತ್ತದೆ.

ಪಾವತಿ ಅಲ್ಲದ ಸಾಲುಗಳು

ರಿಪೋರ್ಟಿನಲ್ಲಿ `Type` ಎಂಬ ಕಾಲಂ ಇದ್ದರೆ ಅದನ್ನು ತಪ್ಪದೆ ನೋಡಿ. ಅಲ್ಲಿ `Payment` ಅಲ್ಲದೆ `Refund`, `Adjustment`, `Rental`, `Chargeback` ಎಂಬ ಸಾಲುಗಳೂ ಇರಬಹುದು. ಇವು ಹೆಚ್ಚಾಗಿ ಕಟ್ಟಿನ ತುದಿಯಲ್ಲಿ, ಮೈನಸ್ ಗುರುತಿನ ಜೊತೆ ಕೂತಿರುತ್ತವೆ.

ನಮ್ಮ ಕಟ್ಟಿನಲ್ಲಿ ಅಂಥ ಎರಡು ಸಾಲು ಇದ್ದವು. ಭಾನುವಾರ ಕೊಂಡಿದ್ದ ಎಕ್ಸ್‌ಟೆನ್ಷನ್ ಬೋರ್ಡನ್ನು ಒಬ್ಬರು ಮಂಗಳವಾರ ವಾಪಸ್ ತಂದಿದ್ದರು. ಅಣ್ಣ ಆ್ಯಪ್‌ನಿಂದಲೇ 650 ರೂಪಾಯಿ ಮರಳಿಸಿದ್ದ, ಪುಸ್ತಕದಲ್ಲಿ ಬರೆಯಲು ಮರೆತಿದ್ದ. ಕಂಪನಿ ಆ 650ನ್ನು ಈ ಕಟ್ಟಿನಿಂದ ಮುರಿದುಕೊಂಡಿತ್ತು. ಇನ್ನೊಂದು ಸೌಂಡ್‌ಬಾಕ್ಸಿನ ತಿಂಗಳ ಬಾಡಿಗೆ, 100 ರೂಪಾಯಿ ಮತ್ತು ಅದರ ಮೇಲೆ 18 ರೂಪಾಯಿ ಜಿಎಸ್‌ಟಿ.

ಈಗ ಕೂಡಿ ಕಳೆಯೋಣ.

```
25,130.00   31 ಪಾವತಿ
  -96.00   ಎಂಡಿಆರ್
  -17.28   ಎಂಡಿಆರ್ ಮೇಲಿನ ಜಿಎಸ್‌ಟಿ
 -650.00   ಮರುಪಾವತಿ
 -118.00   ಸೌಂಡ್‌ಬಾಕ್ಸ್ ಬಾಡಿಗೆ, ಜಿಎಸ್‌ಟಿ ಸೇರಿ
24,248.72   ಬ್ಯಾಂಕಿಗೆ ಬಂದಿದ್ದು
```

ಪೈಸೆಗೆ ಪೈಸೆ ಸರಿ. ಅಣ್ಣ ಹೇಳಿದ 431.28ರಲ್ಲಿ ಕಂಪನಿಯ ಪಾಲು 96, 17.28 ಮತ್ತು 118 ಸೇರಿ 231.28. ಉಳಿದ 200 ಹೇಗೆ ಬಂತು? ಸೋಮವಾರದ 900 ಒಳಗೆ ಬಂತು, ಮಂಗಳವಾರದ 450 ಹೊರಗೆ ಹೋಯಿತು, 650 ಗಿರಾಕಿಗೆ ಮರಳಿತು.

ಇನ್ನೊಂದು ಬಗೆಯ ಸಾಲು ರಿಪೋರ್ಟಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಗಿರಾಕಿಯ ಖಾತೆಯಿಂದ ದುಡ್ಡು ಹೋಗಿದೆ, ಸೌಂಡ್‌ಬಾಕ್ಸ್ ಕೂಗಿಲ್ಲ, ನಿಮ್ಮ ಆ್ಯಪ್‌ನಲ್ಲೂ ಇಲ್ಲ. ಅಂಥ ಪಾವತಿ ನಿಮ್ಮನ್ನು ತಲುಪದಿದ್ದರೆ 5 ದಿನದೊಳಗೆ ತಾನಾಗಿ ಗಿರಾಕಿಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕಿನ 2019ರ ನಿಯಮ ಹೇಳುತ್ತದೆ. ಆದ್ದರಿಂದ ಆ ಮೊತ್ತವನ್ನು ವಸೂಲಿ ಎಂದು ಬರೆದುಕೊಳ್ಳಬೇಡಿ. ಗಿರಾಕಿಯ ಫೋನಿನ 12 ಅಂಕಿಯ ಸಂಖ್ಯೆ ಬರೆದಿಟ್ಟುಕೊಂಡು ಮಾರನೇ ದಿನದ ರಿಪೋರ್ಟಿನ `RRN` ಕಾಲಂನಲ್ಲಿ ಒಮ್ಮೆ ನೋಡಿ.

ಪುಸ್ತಕದಲ್ಲಿ ಬರೆಯುವುದು

ಬ್ಯಾಂಕಿಗೆ ಬಂದ 24,248.72ನ್ನೇ ಆ ದಿನದ ಮಾರಾಟ ಎಂದು ಬರೆಯುವವರಿದ್ದಾರೆ. ಅದು ತಪ್ಪು. ಮಾರಾಟ ಅಂದರೆ ಗಿರಾಕಿ ಕೊಟ್ಟ ಪೂರ್ತಿ ಮೊತ್ತ. ಶುಲ್ಕ ಬೇರೆ ಖರ್ಚು. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ಯುಪಿಐ ವಸೂಲಿಯ ಮೊತ್ತ ನೋಡಿಯೇ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಅದನ್ನು ಎಣಿಸುವುದು ಶುಲ್ಕ ಕಳೆಯುವ ಮೊದಲಿನ ಮಾರಾಟದಿಂದ.

ನಾನು ಪುಸ್ತಕದಲ್ಲಿ "ಗೇಟ್‌ವೇ ಬಾಕಿ" ಎಂದು ಒಂದು ಖಾತೆ ಇಟ್ಟಿದ್ದೇನೆ. ಕ್ಯೂಆರ್‌ಗೆ ಬಿದ್ದಿದ್ದೆಲ್ಲ ಮೊದಲು ಅಲ್ಲಿಗೆ ಸೇರುತ್ತದೆ. ಬ್ಯಾಂಕಿಗೆ ಬಂದಿದ್ದು, ಶುಲ್ಕ, ತೆರಿಗೆ, ಮರುಪಾವತಿ ಎಲ್ಲ ಅದರಿಂದ ಹೊರಗೆ ಹೋಗುತ್ತವೆ. ಮಂಗಳವಾರ ಬೆಳಿಗ್ಗೆ ಸೋಮವಾರದ ಕಟ್ಟಿನ ಹಣ ಬ್ಯಾಂಕಿಗೆ ಬಂದ ಮೇಲೆ ಅದರಲ್ಲಿ ಉಳಿದಿದ್ದು 900. ಅದಕ್ಕೆ 24,680 ಸೇರಿತು. 650, 231.28 ಮತ್ತು 24,248.72 ಹೊರಗೆ ಹೋದವು. ಉಳಿದಿದ್ದು 450. ಅದು ರಾತ್ರಿ 10.07ಕ್ಕೆ ಬಂದ ಎಂಸಿಬಿ ದುಡ್ಡು. ಖಾತೆಯಲ್ಲಿ ಉಳಿದ ಬಾಕಿ ಗಡುವಿನ ನಂತರದ ಪಾವತಿಗಳಿಗೆ ಸರಿಯಾಗಿ ಸಮ ಬಂದರೆ ಲೆಕ್ಕ ಸರಿ ಇದೆ. ಬರದಿದ್ದರೆ ಒಂದೋ ಒಂದು ಸಾಲು ಬಿಟ್ಟುಹೋಗಿದೆ, ಇಲ್ಲಾ ಕಂಪನಿ ಯಾವುದೋ ಪಾವತಿಯನ್ನು ತಡೆಹಿಡಿದಿದೆ. ತಡೆಹಿಡಿದಿದ್ದರೆ ಅದರ ಸ್ಥಿತಿಯ ಕಾಲಂನಲ್ಲಿ `On Hold` ಎಂಬಂತೆ ಏನಾದರೂ ಬರೆದಿರುತ್ತದೆ.

ಶುಲ್ಕದ ಮೇಲೆ ಕೊಟ್ಟ ಜಿಎಸ್‌ಟಿ, ಇಲ್ಲಿ 17.28 ಮತ್ತು 18 ಸೇರಿ 35.28, ಸಾಮಾನ್ಯ ನೋಂದಣಿ ಇರುವವರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ. ಕಾಂಪೋಸಿಷನ್‌ನಲ್ಲಿ ಇರುವವರಿಗೆ ಮತ್ತು ನೋಂದಣಿ ಇಲ್ಲದವರಿಗೆ ಸಿಗುವುದಿಲ್ಲ, ಅವರು ಪೂರ್ತಿ 231.28ನ್ನು ಖರ್ಚಿಗೇ ಬರೆಯಬೇಕು. ಆದರೆ ಸೆಟ್ಲ್‌ಮೆಂಟ್ ರಿಪೋರ್ಟ್ ತೋರಿಸಿ ಕ್ರೆಡಿಟ್ ಪಡೆಯಲು ಆಗುವುದಿಲ್ಲ. ಕಂಪನಿಯ ತೆರಿಗೆ ಇನ್‌ವಾಯ್ಸ್ ಬೇಕು, ಅದರಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇರಬೇಕು, ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಅದು ಕಾಣಬೇಕು. ಆ್ಯಪ್‌ನ ಪ್ರೊಫೈಲ್‌ನಲ್ಲಿ ಜಿಎಸ್‌ಟಿ ನಂಬರ್ ಹಾಕದೆ ಬಿಟ್ಟಿದ್ದರೆ ಇನ್‌ವಾಯ್ಸ್ ಬರೀ ಹೆಸರಿಗೆ ಬರುತ್ತದೆ, 2ಬಿಯಲ್ಲಿ ಕಾಣುವುದಿಲ್ಲ. ನಮ್ಮದೂ ಕೆಲವು ತಿಂಗಳು ಹಾಗೇ ಹೋಗಿತ್ತು. ಈಗ ತಿಂಗಳಿಗೊಮ್ಮೆ ಎಲ್ಲ ರಿಪೋರ್ಟುಗಳ ತೆರಿಗೆ ಕಾಲಂ ಕೂಡಿಸಿ ಆ ತಿಂಗಳ ಇನ್‌ವಾಯ್ಸ್ ಜೊತೆ ಇಟ್ಟು ನೋಡುತ್ತೇನೆ.

ಗುರುವಾರದ ರಿಪೋರ್ಟ್ ತೆರೆದಾಗ ಸಮಯದ ಸಾಲಿನಲ್ಲಿ ಮೊದಲನೆಯದಾಗಿ ಕೂತಿದ್ದು ಅದೇ 450 ರೂಪಾಯಿ, ರಾತ್ರಿ 10.07. ಅಣ್ಣನಿಗೆ ತೋರಿಸಿದೆ. ಅವನು ಪುಸ್ತಕದಲ್ಲಿ ಅದರ ಪಕ್ಕ ಟಿಕ್ ಹಾಕಿ, ಹಿಂದಿನ ಪುಟ ತಿರುವಿ 650 ರೂಪಾಯಿ ಮರುಪಾವತಿಯನ್ನೂ ಬರೆದ.